ಚೆಕ್ ಬೌನ್ಸ್ ಕೇಸ್: ದೂರು, ಉತ್ತರ ಮತ್ತು ಮಧ್ಯದಲ್ಲಿ ಸಿಕ್ಕಿಬಿದ್ದ 1 ಲಕ್ಷ ರೂಪಾಯಿ

ಇವತ್ತಿನ ಎಪಿಸೋಡ್ ಎರಡು ಕಾಗದಗಳ ಬಗ್ಗೆ. ಒಂದು, ಚೆಕ್ ಬೌನ್ಸ್ ಆಯ್ತು ಅಂತ ಕೋರ್ಟಿಗೆ ಹಾಕಿದ ದೂರು. ಇನ್ನೊಂದು, ಅದಕ್ಕೂ ಮುಂಚೆ ಬಂದ ಲೀಗಲ್ ನೋಟಿಸ್‌ಗೆ ಎದುರಿನವರು ಕೊಟ್ಟ ಉತ್ತರ. ಈ ಎರಡನ್ನೂ ಓದಿ, ಜಗಳ ನಿಜವಾಗಿ ಎಲ್ಲಿದೆ, ಯಾರು ಏನನ್ನ ಸಾಬೀತು ಮಾಡಬೇಕು ಅಂತ ಒಂದು ಪುಟದಲ್ಲಿ ಬರೆದುಕೊಳ್ಳೋದು ಹೇಗೆ ಅನ್ನೋದೇ ಇವತ್ತಿನ ವಿಷಯ. ನಾನು ವಕೀಲ ಅಲ್ಲ, ಬಿಕಾಂ ಓದಿದವನು. ಹಾಗಾಗಿ ಇದನ್ನ ಅಕೌಂಟ್ಸ್ ನೋಡೋ ಕಣ್ಣಲ್ಲೇ ನೋಡ್ತೀನಿ: ತಾರೀಖು, ಮೊತ್ತ, ದಾಖಲೆ.

ಮೊದಲೇ ಹೇಳಿಬಿಡ್ತೀನಿ, ಈ ಕೇಸ್ ನಾನು ವಿವರಿಸೋಕೆ ಅಂತ ಕಟ್ಟಿರೋ ಮಾದರಿ. ಇದರಲ್ಲಿರೋ ಇಬ್ಬರೂ ನಿಜವಾದ ವ್ಯಕ್ತಿಗಳಲ್ಲ. ಆದರೆ ಕಾನೂನು ನಿಜದ್ದು, ಮಧ್ಯೆ ಹೇಳೋ ಸುಪ್ರೀಂ ಕೋರ್ಟ್ ತೀರ್ಪುಗಳೂ ನಿಜದ್ದೇ.

ದೂರು ಏನು ಹೇಳುತ್ತೆ?

ತುಮಕೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರೋ ಒಬ್ಬರು ದೂರುದಾರರು. ಗುಬ್ಬಿ ಕಡೆ ಮನೆ ಕಟ್ಟಿಸಿ ಕೊಡೋ ಕಾಂಟ್ರಾಕ್ಟರ್ ಒಬ್ಬರು ಆರೋಪಿ. ಹೆಸರು ಬೇಡ, 'ಅಂಗಡಿಯವರು' ಮತ್ತು 'ಕಾಂಟ್ರಾಕ್ಟರ್' ಅಂತಲೇ ಕರೆಯೋಣ.

ದೂರಿನ ಪ್ರಕಾರ 2024ರ ಏಪ್ರಿಲ್ 10ರಂದು ಅಂಗಡಿಯವರು ಕಾಂಟ್ರಾಕ್ಟರ್‌ಗೆ 4 ಲಕ್ಷ ರೂಪಾಯಿ ಕೈಸಾಲ ಕೊಟ್ಟರು. ಅದರಲ್ಲಿ 2.5 ಲಕ್ಷ ಬ್ಯಾಂಕ್ ಮೂಲಕ ಹೋಯ್ತು, ಉಳಿದ 1.5 ಲಕ್ಷ ನಗದು. ಪ್ರಾಮಿಸರಿ ನೋಟ್ ಇಲ್ಲ, ಕರಾರು ಪತ್ರ ಇಲ್ಲ. ತುಂಬಾ ಸಲ ಒತ್ತಾಯ ಮಾಡಿದ ಮೇಲೆ ಕಾಂಟ್ರಾಕ್ಟರ್ 2025ರ ಫೆಬ್ರವರಿ 3ರ ತಾರೀಖು ಹಾಕಿ 4 ಲಕ್ಷದ ಚೆಕ್ ಕೊಟ್ಟರು. ಮಾರ್ಚ್ 24ಕ್ಕೆ ಅಂಗಡಿಯವರು ಅದನ್ನ ತುಮಕೂರಿನ ತಮ್ಮ ಬ್ಯಾಂಕಿಗೆ ಹಾಕಿದರು. ಮಾರ್ಚ್ 25ಕ್ಕೆ ಅದು ವಾಪಸ್ ಬಂತು. ಬ್ಯಾಂಕ್ ಮೆಮೋದಲ್ಲಿ ಇದ್ದ ಕಾರಣ, ಖಾತೆಯಲ್ಲಿ ಸಾಕಷ್ಟು ಹಣ ಇಲ್ಲ. ಏಪ್ರಿಲ್ 8ಕ್ಕೆ ವಕೀಲರ ಮೂಲಕ ನೋಟಿಸ್ ಹೋಯ್ತು. ಏಪ್ರಿಲ್ 11ಕ್ಕೆ ಕಾಂಟ್ರಾಕ್ಟರ್ ಸಹಿ ಹಾಕಿ ತಗೊಂಡರು. ಏಪ್ರಿಲ್ 22ಕ್ಕೆ ಉತ್ತರ ಬಂತು, ದುಡ್ಡು ಬರಲಿಲ್ಲ. ಮೇ 20ಕ್ಕೆ ತುಮಕೂರಿನ ಕೋರ್ಟಿನಲ್ಲಿ ದೂರು ದಾಖಲಾಯ್ತು.

ಉತ್ತರದ ಬಗ್ಗೆ ದೂರಿನಲ್ಲಿ ಇರೋದು ಒಂದೇ ಸಾಲು: 'ಆರೋಪಿಯು ಸುಳ್ಳು ಸಂಗತಿಗಳಿಂದ ಕೂಡಿದ ಉತ್ತರವನ್ನು ಕೊಟ್ಟಿರುತ್ತಾರೆ.' ಈ ಸಾಲನ್ನ ನೆನಪಿಟ್ಟುಕೊಳ್ಳಿ. ಆ ಉತ್ತರದಲ್ಲಿ ಏನಿತ್ತು ಅಂತ ದೂರು ಹೇಳ್ತಾ ಇಲ್ಲ. ನಮಗೆ ಬೇಕಾಗಿರೋದು ಅದೇ.

ಉತ್ತರ ಏನು ಹೇಳುತ್ತೆ?

ಉತ್ತರದಲ್ಲಿ ನಾಲ್ಕು ಮಾತಿದೆ. ಬ್ಯಾಂಕಿನಲ್ಲಿ ಬಂದ 2.5 ಲಕ್ಷ ಸಾಲ ತಗೊಂಡಿದ್ದು ನಿಜ ಅಂತ ಕಾಂಟ್ರಾಕ್ಟರ್ ಒಪ್ಪಿಕೊಳ್ತಾರೆ. ನಗದು 1.5 ಲಕ್ಷ ಬಂದೇ ಇಲ್ಲ, ಅಷ್ಟು ಕ್ಯಾಶ್ ಕೊಡೋ ಶಕ್ತಿ ಇವರಿಗೆ ಇರಲಿಲ್ಲ ಅಂತಾರೆ. ಚೆಕ್ ಮೇಲಿನ ಸಹಿ ತನ್ನದೇ, ಆದರೆ ಸಾಲ ತಗೊಂಡ ದಿನವೇ ಸೆಕ್ಯೂರಿಟಿಗೆ ಅಂತ ಖಾಲಿ ಚೆಕ್ ಕೊಟ್ಟಿದ್ದೆ, ಮೊತ್ತ ಮತ್ತು ತಾರೀಖನ್ನ ಇವರೇ ತುಂಬಿಕೊಂಡಿದ್ದಾರೆ ಅಂತಾರೆ. ಕೊನೆಗೆ, 2025ರ ಫೆಬ್ರವರಿ 20ಕ್ಕೆ 50 ಸಾವಿರ, ಮಾರ್ಚ್ 5ಕ್ಕೆ 50 ಸಾವಿರ, ಒಟ್ಟು 1 ಲಕ್ಷ ಯುಪಿಐ ಮೂಲಕ ವಾಪಸ್ ಕೊಟ್ಟಿದ್ದೀನಿ ಅಂತಾರೆ.

ಎರಡೂ ಕಾಗದ ಪಕ್ಕಪಕ್ಕ ಇಟ್ಟರೆ ಅರ್ಧ ಕೆಲಸ ಮುಗಿದಂತೆ. ಯಾಕಂದ್ರೆ ಸಹಿ ಬಗ್ಗೆ ಜಗಳ ಇಲ್ಲ. 2.5 ಲಕ್ಷದ ಬಗ್ಗೆ ಜಗಳ ಇಲ್ಲ. ನೋಟಿಸ್ ಸಿಕ್ಕಿದ್ದರ ಬಗ್ಗೆ ಕೂಡ ಇಲ್ಲ, ಉತ್ತರ ಕೊಟ್ಟಿದ್ದೇ ಅದಕ್ಕೆ ಸಾಕ್ಷಿ. ಹಾಗಾದ್ರೆ ಉಳಿದದ್ದು ಮೂರು: ನಗದು 1.5 ಲಕ್ಷ, ಖಾಲಿ ಚೆಕ್, ಯುಪಿಐನ 1 ಲಕ್ಷ. ಆದರೆ ಅದಕ್ಕೂ ಮೊದಲು ತಾರೀಖುಗಳು ಸರಿ ಇವೆಯಾ ನೋಡಬೇಕು. ಅಲ್ಲಿ ಎಡವಿದ್ರೆ ಉಳಿದ ವಾದ ಎಷ್ಟೇ ಗಟ್ಟಿ ಇದ್ದರೂ ದೂರು ನಿಲ್ಲೋದೇ ಕಷ್ಟ.

ತಾರೀಖಿನ ಲೆಕ್ಕ

ಚೆಕ್ ಬೌನ್ಸ್ ಆದ ತಕ್ಷಣ ಅಪರಾಧ ಆಗಲ್ಲ. ಇದು ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ. 1881ರ ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರ ಪ್ರಕಾರ, ಚೆಕ್ ವಾಪಸ್ ಬಂದು, ನೋಟಿಸ್ ಹೋಗಿ, ಅದು ಸಿಕ್ಕಿದ ಮೇಲೂ 15 ದಿನದೊಳಗೆ ದುಡ್ಡು ಕೊಡದಿದ್ದರೆ ಮಾತ್ರ ಕೇಸ್ ಹುಟ್ಟುತ್ತೆ. ಅಂದ್ರೆ ಚೆಕ್ ಕೊಟ್ಟವರಿಗೆ ಕಾನೂನು ಕೊನೇ ಅವಕಾಶ ಕೊಡುತ್ತೆ.

ಮೊದಲನೆಯದು ಚೆಕ್‌ನ ಆಯಸ್ಸು. ರಿಸರ್ವ್ ಬ್ಯಾಂಕ್ ನಿಯಮದಂತೆ 2012ರ ಏಪ್ರಿಲ್‌ನಿಂದ ಚೆಕ್ 3 ತಿಂಗಳು ಮಾತ್ರ ನಡೆಯುತ್ತೆ. ಫೆಬ್ರವರಿ 3ರ ಚೆಕ್ ಮಾರ್ಚ್ 24ಕ್ಕೆ ಬ್ಯಾಂಕಿಗೆ ಹೋಗಿದೆ. ಸರಿ ಇದೆ.

ಎರಡನೆಯದು ನೋಟಿಸ್. ಚೆಕ್ ವಾಪಸ್ ಬಂದ ವಿಷಯ ಬ್ಯಾಂಕಿನಿಂದ ಗೊತ್ತಾದ 30 ದಿನದೊಳಗೆ ನೋಟಿಸ್ ಕಳಿಸಬೇಕು. ಎಣಿಸುವಾಗ ಗೊತ್ತಾದ ದಿನವನ್ನ ಬಿಡಬೇಕು. ಮಾರ್ಚ್ 25 ಬಿಟ್ಟು 26ರಿಂದ ಎಣಿಸಿದ್ರೆ 30ನೇ ದಿನ ಏಪ್ರಿಲ್ 24. ನೋಟಿಸ್ ಹೋಗಿದ್ದು ಏಪ್ರಿಲ್ 8ಕ್ಕೆ. ಇದೂ ಸರಿ.

ಮೂರನೆಯದು ಆ 15 ದಿನ. ನೋಟಿಸ್ ಕಳಿಸಿದ ದಿನದಿಂದ ಅಲ್ಲ, ಸಿಕ್ಕಿದ ದಿನದಿಂದ ಲೆಕ್ಕ. ಏಪ್ರಿಲ್ 11 ಬಿಟ್ಟು 12ರಿಂದ ಎಣಿಸಿದ್ರೆ 15ನೇ ದಿನ ಏಪ್ರಿಲ್ 26. ಆ ರಾತ್ರಿವರೆಗೂ ಕಾಂಟ್ರಾಕ್ಟರ್‌ಗೆ ಟೈಮ್ ಇದೆ. ಏಪ್ರಿಲ್ 27ಕ್ಕೆ ದೂರು ಕೊಡೋ ಹಕ್ಕು ಹುಟ್ಟುತ್ತೆ. ಅದಕ್ಕೂ ಮುಂಚೆ, ಉದಾಹರಣೆಗೆ ಉತ್ತರ ಬಂತಲ್ಲ ಅಂತ ಏಪ್ರಿಲ್ 23ಕ್ಕೇ ದೂರು ಹಾಕಿದ್ರೆ ಅದು ನಿಲ್ಲಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟವಾಗಿ ಹೇಳಿದೆ.

ನಾಲ್ಕನೆಯದು ದೂರು. ಹಕ್ಕು ಹುಟ್ಟಿದ ದಿನದಿಂದ ಒಂದು ತಿಂಗಳೊಳಗೆ ಹಾಕಬೇಕು. ಇಲ್ಲಿ 30 ದಿನ ಅಲ್ಲ, ಕ್ಯಾಲೆಂಡರ್ ತಿಂಗಳು. ಏಪ್ರಿಲ್ 27 ಬಿಟ್ಟು ಲೆಕ್ಕ ಹಾಕಿದ್ರೆ ಮೇ 27 ಕೊನೇ ದಿನ. ಮೇ 20ಕ್ಕೆ ದೂರು ಬಿದ್ದಿದೆ. ತಡವಾಗಿದ್ದರೆ ಸರಿಯಾದ ಕಾರಣ ತೋರಿಸಿ ಕ್ಷಮಿಸಿ ಅಂತ ಕೋರ್ಟನ್ನ ಕೇಳೋಕೆ ಅವಕಾಶ ಇದೆ. ಆದರೆ ನೋಟಿಸ್‌ನ 30 ದಿನಕ್ಕೆ ಕಾಯ್ದೆಯಲ್ಲಿ ಅಂಥ ವಿನಾಯಿತಿ ಇಲ್ಲ. ಹಾಗಾಗಿ ಈ ನಾಲ್ಕರಲ್ಲಿ ಅತಿ ಅಪಾಯದ ಗೆರೆ ಅದೇ.

ಇನ್ನೊಂದು ಸಣ್ಣ ಅಂಶ. ಅಂಗಡಿಯವರ ಖಾತೆ ತುಮಕೂರಿನಲ್ಲಿದೆ, ಅದಕ್ಕೇ ಕೇಸ್ ಕೂಡ ತುಮಕೂರಿನಲ್ಲಿ. 2015ರ ತಿದ್ದುಪಡಿ ಆದಮೇಲೆ, ಖಾತೆ ಮೂಲಕ ಚೆಕ್ ಹಾಕಿದ್ರೆ ದುಡ್ಡು ಪಡೆಯಬೇಕಾದವರ ಬ್ಯಾಂಕ್ ಶಾಖೆ ಇರೋ ಜಾಗದ ಕೋರ್ಟಿಗೇ ಅಧಿಕಾರ.

ಇಷ್ಟಕ್ಕೆ ಬೇಕಾದ ದಾಖಲೆ ಅಂದ್ರೆ ಅಸಲಿ ಚೆಕ್, ಬ್ಯಾಂಕ್ ಮೆಮೋ, ನೋಟಿಸ್‌ನ ಪ್ರತಿ, ಪೋಸ್ಟ್ ರಸೀದಿ, ಸಹಿ ಇರೋ ಸ್ವೀಕೃತಿ ಕಾರ್ಡ್. ಐದೂ ಇವೆ. 'ಮನೆ ಬೀಗ ಹಾಕಿತ್ತು' ಅಂತ ನೋಟಿಸ್ ವಾಪಸ್ ಬಂದಿದ್ದರೆ ಏನಾಗ್ತಿತ್ತು ಅಂತ ನೀವು ಕೇಳಬಹುದು. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ ಪೋಸ್ಟ್‌ನಲ್ಲಿ ಕಳಿಸಿದ್ರೆ ತಲುಪಿದೆ ಅಂತಲೇ ಕೋರ್ಟ್ ಭಾವಿಸುತ್ತೆ. ಇಲ್ಲ, ತಲುಪಿಲ್ಲ ಅಂತ ತೋರಿಸೋ ಹೊಣೆ ಆರೋಪಿಯದು.

ಸಹಿ ನಂದೇ ಅಂದಮೇಲೆ

ಈಗ ಖಾಲಿ ಚೆಕ್ ವಿಷಯಕ್ಕೆ ಬರೋಣ. ಸಾಮಾನ್ಯವಾಗಿ ಕ್ರಿಮಿನಲ್ ಕೇಸ್‌ನಲ್ಲಿ ದೂರು ಕೊಟ್ಟವರೇ ಎಲ್ಲವನ್ನೂ ಸಾಬೀತು ಮಾಡಬೇಕು, ಅಲ್ವಾ? ಚೆಕ್ ಕೇಸ್‌ನಲ್ಲಿ ಸ್ವಲ್ಪ ಉಲ್ಟಾ. ಸಹಿ ಒಪ್ಪಿಕೊಂಡ ಕ್ಷಣದಿಂದ, ಈ ಚೆಕ್ ಸಾಲ ಅಥವಾ ಬಾಕಿ ತೀರಿಸೋಕೇ ಕೊಟ್ಟಿದ್ದು ಅಂತ ಕೋರ್ಟ್ ಭಾವಿಸಿಕೊಂಡು ಶುರು ಮಾಡುತ್ತೆ. ಸೆಕ್ಷನ್ 139 ಹೇಳೋದು ಇದನ್ನೇ. ಇಲ್ಲ, ಹಾಗಲ್ಲ ಅಂತ ತೋರಿಸೋ ಕೆಲಸ ಆರೋಪಿಗೆ ಬರುತ್ತೆ.

ಇದನ್ನ ಗಟ್ಟಿ ಮಾಡಿದ್ದು ನಮ್ಮ ಕರ್ನಾಟಕದಿಂದಲೇ ಹೋದ ಒಂದು ಕೇಸ್. 2010ರಲ್ಲಿ ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪನ್ನ ವಕೀಲರು 'ರಂಗಪ್ಪ ತೀರ್ಪು' ಅಂತಾರೆ. ಅದು 45 ಸಾವಿರದ ಚೆಕ್. ಸಹಿ ಮಾಡಿದ ಖಾಲಿ ಚೆಕ್ ಕಳೆದುಹೋಗಿತ್ತು ಅಂತ ಆರೋಪಿ ವಾದ. ಆದರೆ ನೋಟಿಸ್ ಬಂದಾಗ ಅವರು ಉತ್ತರವನ್ನೇ ಕೊಟ್ಟಿರಲಿಲ್ಲ. ಕೋರ್ಟ್ ಆ ವಾದವನ್ನ ನಂಬಲಿಲ್ಲ, ಶಿಕ್ಷೆ ಉಳೀತು.

ಅದೇ ತೀರ್ಪು ಆರೋಪಿಗೆ ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿದೆ. ಆರೋಪಿ ತನ್ನ ಮಾತನ್ನ ಅನುಮಾನಕ್ಕೆ ಎಡೆ ಇಲ್ಲದ ಹಾಗೆ ಸಾಬೀತು ಮಾಡಬೇಕಿಲ್ಲ. 'ಇವರು ಹೇಳೋದು ನಿಜ ಇರೋ ಸಾಧ್ಯತೆಯೇ ಜಾಸ್ತಿ' ಅಂತ ಅನಿಸಿದ್ರೆ ಸಾಕು. ತಾನೇ ಸಾಕ್ಷಿ ಕಟ್ಟೆ ಹತ್ತಬೇಕು ಅಂತಾನೂ ಇಲ್ಲ. ದೂರುದಾರರ ದಾಖಲೆಯಿಂದ, ಪಾಟಿ ಸವಾಲಿನಲ್ಲಿ ಅವರ ಬಾಯಿಂದ ಬಂದ ಮಾತಿನಿಂದ ಕೂಡ ಆ ಸಾಧ್ಯತೆಯನ್ನ ತೋರಿಸಬಹುದು. ಆದರೆ ಬರೀ 'ಸುಳ್ಳು, ಸುಳ್ಳು' ಅಂದ್ರೆ ಆಗಲ್ಲ.

ಹಾಗಾದ್ರೆ ಖಾಲಿ ಚೆಕ್ ವಾದದ ಗತಿ ಏನು? ಒಬ್ಬಂಟಿಯಾಗಿ ಅದಕ್ಕೆ ಬಲ ಕಡಿಮೆ. ಸಹಿ ಮಾಡಿದ ಖಾಲಿ ಚೆಕ್ಕನ್ನ ಸ್ವಂತ ಇಷ್ಟದಿಂದ ಕೊಟ್ಟಿದ್ದರೆ, ಮೊತ್ತವನ್ನ ಬೇರೆಯವರು ತುಂಬಿದ್ದರೂ ಕೋರ್ಟಿನ ಆ ಭಾವನೆ ಉಳಿಯುತ್ತೆ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೈಬರಹ ಬೇರೆ, ಇಂಕ್ ಬೇರೆ ಅನ್ನೋದು ಗೆಲುವಿನ ಅಸ್ತ್ರ ಅಲ್ಲ. ಸೆಕ್ಯೂರಿಟಿ ಚೆಕ್ ಅನ್ನೋ ಪದಕ್ಕೂ ಮಂತ್ರಶಕ್ತಿ ಇಲ್ಲ. ಪ್ರಶ್ನೆ ಒಂದೇ: ಬ್ಯಾಂಕಿಗೆ ಹಾಕಿದ ದಿನ ಚೆಕ್‌ನಲ್ಲಿ ಬರೆದಷ್ಟು ಬಾಕಿ ನಿಜವಾಗಲೂ ಇತ್ತಾ? ನಮ್ಮ ಕೇಸ್‌ನಲ್ಲಿ 2025ರ ಮಾರ್ಚ್ 24ರಂದು 4 ಲಕ್ಷ ಬಾಕಿ ಇತ್ತಾ? ಉಳಿದ ಎರಡೂ ಜಗಳ ಈ ಪ್ರಶ್ನೆಯೊಳಗೇ ಬರುತ್ತೆ.

ನಗದು 1.5 ಲಕ್ಷ

ನಗದಿಗೆ ರಸೀದಿ ಇಲ್ಲ. ಆದರೂ ಸೆಕ್ಷನ್ 139 ಇರೋದರಿಂದ ಅಂಗಡಿಯವರು ಮೊದಲ ದಿನವೇ 'ನನ್ನ ಹತ್ರ ದುಡ್ಡಿತ್ತು' ಅಂತ ತೋರಿಸಬೇಕಾಗಿಲ್ಲ. ಆರೋಪಿ ಅದನ್ನ ಪ್ರಶ್ನೆ ಮಾಡಿದಾಗ ಮಾತ್ರ ಆ ಹೊಣೆ ಬರುತ್ತೆ. ಇಲ್ಲೇ ಉತ್ತರ ಕೊಟ್ಟಿದ್ದರ ಬೆಲೆ ಗೊತ್ತಾಗೋದು. 'ಕೊಡೋ ಶಕ್ತಿ ಇರಲಿಲ್ಲ' ಅಂತ ಉತ್ತರದಲ್ಲೇ ಹೇಳಿದ್ರೆ, ಅಂಗಡಿಯವರು ಶುರುವಿನಿಂದಲೇ ಅದಕ್ಕೆ ದಾಖಲೆ ಸಿದ್ಧ ಮಾಡಿಕೊಳ್ಳಬೇಕಾಗುತ್ತೆ. ಉತ್ತರ ಕೊಡದೇ ಇದ್ದರೆ ಪಾಟಿ ಸವಾಲಿನಲ್ಲಿ ಕೇಳೋ ಹಕ್ಕು ಉಳಿಯುತ್ತೆ, ಆದರೆ 'ಇಷ್ಟು ದಿನ ಯಾಕೆ ಹೇಳಲಿಲ್ಲ' ಅನ್ನೋ ಪ್ರಶ್ನೆ ತಲೆ ಮೇಲೆ ತೂಗಾಡ್ತಾ ಇರುತ್ತೆ.

ಕರ್ನಾಟಕದಿಂದಲೇ ಹೋದ ಇನ್ನೊಂದು ಕೇಸ್‌ನಲ್ಲಿ, 2019ರಲ್ಲಿ, 6 ಲಕ್ಷದ ಚೆಕ್ ಇದ್ದರೂ ಆರೋಪಿ ಬಿಡುಗಡೆ ಆದರು. ಅಷ್ಟು ಹಣ ಕೊಡೋ ಶಕ್ತಿ ಇತ್ತು ಅಂತ ದೂರುದಾರರಿಗೆ ತೋರಿಸೋಕೆ ಆಗಲಿಲ್ಲ ಅನ್ನೋದೇ ಮುಖ್ಯ ಕಾರಣ.

ನಮ್ಮ ಅಂಗಡಿಯವರು ಏನು ತೋರಿಸಬಹುದು? 2024ರ ಏಪ್ರಿಲ್ 10ರ ಆಸುಪಾಸಿನಲ್ಲಿ ಬ್ಯಾಂಕಿನಿಂದ ಕ್ಯಾಶ್ ಡ್ರಾ ಮಾಡಿದ್ದರೆ ಆ ಸ್ಟೇಟ್‌ಮೆಂಟ್. ಅಂಗಡಿ ವ್ಯಾಪಾರದ ಕ್ಯಾಶ್ ಆಗಿದ್ದರೆ ಕ್ಯಾಶ್ ಬುಕ್‌ನಲ್ಲಿ ಆ ದಿನದ ಕೈಯಲ್ಲಿದ್ದ ಬ್ಯಾಲೆನ್ಸ್, ಮತ್ತು ಅದರಿಂದ 1.5 ಲಕ್ಷ ಹೊರಗೆ ಹೋದ ಎಂಟ್ರಿ. ಆ ವರ್ಷದ ಆದಾಯ ತೆರಿಗೆ ರಿಟರ್ನ್ ಜೊತೆ ಬ್ಯಾಲೆನ್ಸ್ ಶೀಟ್ ಇದ್ದರೆ, ಅದರಲ್ಲಿ 'ಕೊಟ್ಟ ಸಾಲ' ಅಂತ ಎಷ್ಟು ತೋರಿಸಿದ್ದಾರೆ ಅನ್ನೋದು ದೊಡ್ಡ ಸುಳಿವು. ಅಲ್ಲಿ 4 ಲಕ್ಷ ಇದ್ದರೆ ಅಂಗಡಿಯವರ ಕೈ ಮೇಲಾಗುತ್ತೆ. 2.5 ಲಕ್ಷ ಮಾತ್ರ ಇದ್ದರೆ, ಅವರ ಪುಸ್ತಕವೇ ಅವರ ವಿರುದ್ಧ ಸಾಕ್ಷಿ ಹೇಳುತ್ತೆ.

ಈ ಥರದ ಕೇಸ್‌ಗಳಲ್ಲಿ ಇನ್ನೊಂದು ವಾದವೂ ಬರುತ್ತೆ: 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಸಾಲ ನಗದಿನಲ್ಲಿ ತಗೊಳ್ಳೋ ಹಾಗಿಲ್ಲ, ಹಾಗಾಗಿ ಸಾಲವೇ ಊರ್ಜಿತ ಅಲ್ಲ ಅಂತ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 269ಎಸ್‌ಎಸ್ ಅಂಥ ನಿರ್ಬಂಧ ಹಾಕಿದ್ದು ನಿಜ. ಆದರೆ ಅದನ್ನ ಮುರಿದ್ರೆ ತೆರಿಗೆ ಇಲಾಖೆಯ ದಂಡ ಬೀಳುತ್ತೆ ಅಷ್ಟೇ, ಸಾಲ ಸುಳ್ಳಾಗಲ್ಲ ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ತಮಾಷೆ ಅಂದ್ರೆ ಆ ದಂಡ ನಗದು ತಗೊಂಡವರಿಗೆ. ಅಂದ್ರೆ ಈ ವಾದ ಎತ್ತೋ ಸಾಲಗಾರ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಂಗೆ.

ಯುಪಿಐನ 1 ಲಕ್ಷ: ಕೇಸಿನ ಜೀವ ಇಲ್ಲಿದೆ

ಈಗ ನಿಜವಾದ ತಿರುವು. ತಾರೀಖುಗಳನ್ನ ಮತ್ತೆ ಸಾಲಾಗಿ ಇಡಿ. ಚೆಕ್ ಫೆಬ್ರವರಿ 3. ಯುಪಿಐ ಫೆಬ್ರವರಿ 20 ಮತ್ತು ಮಾರ್ಚ್ 5. ಚೆಕ್ ಬ್ಯಾಂಕಿಗೆ ಹೋಗಿದ್ದು ಮಾರ್ಚ್ 24. ಅಂದ್ರೆ ಚೆಕ್ ತಾರೀಖಿನ ನಂತರ, ಆದರೆ ಬ್ಯಾಂಕಿಗೆ ಹಾಕೋ ಮುಂಚೆ, 1 ಲಕ್ಷ ಬಂದಿದೆ.

ಆ 1 ಲಕ್ಷ ಈ ಸಾಲದ್ದೇ ಆಗಿದ್ದರೆ, ಅಂಗಡಿಯವರ ಲೆಕ್ಕದಲ್ಲೇ ಮಾರ್ಚ್ 24ಕ್ಕೆ ಬಾಕಿ 3 ಲಕ್ಷ. ಆದರೆ ಹಾಕಿದ್ದು 4 ಲಕ್ಷದ ಚೆಕ್. ಇಂಥದ್ದೇ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2022ರಲ್ಲಿ ಉತ್ತರ ಕೊಟ್ಟಿದೆ. ಅಲ್ಲಿ 20 ಲಕ್ಷದ ಚೆಕ್ ಇತ್ತು, ಮಧ್ಯೆ 4 ಲಕ್ಷ ಚಿಲ್ಲರೆ ವಾಪಸ್ ಬಂದಿತ್ತು, ಆದರೂ ಪೂರ್ತಿ 20 ಲಕ್ಷಕ್ಕೇ ಚೆಕ್ ಹಾಕಿ, ಪೂರ್ತಿ ಮೊತ್ತಕ್ಕೇ ನೋಟಿಸ್ ಕೊಟ್ಟಿದ್ದರು. ಕೋರ್ಟ್ ಹೇಳಿದ್ದು ಇಷ್ಟು: ಮಧ್ಯೆ ಬಂದ ದುಡ್ಡನ್ನ ಸೆಕ್ಷನ್ 56ರ ಪ್ರಕಾರ ಚೆಕ್ ಮೇಲೆ ಬರೆದು ಕಳೆಯಬೇಕು. ಹಾಗೆ ಮಾಡದೇ ಪೂರ್ತಿ ಮೊತ್ತಕ್ಕೆ ಹಾಕಿದ್ರೆ, ಆ ಚೆಕ್ ಆ ದಿನದ ನಿಜವಾದ ಬಾಕಿಯನ್ನ ಹೇಳ್ತಾ ಇಲ್ಲ, ಸೆಕ್ಷನ್ 138ರ ಅಪರಾಧ ಆಗಲ್ಲ. ಆರೋಪಿಯ ಬಿಡುಗಡೆ ಉಳೀತು.

ಇದು ಎಂಥ ಇಕ್ಕಟ್ಟು ನೋಡಿ. ಸರಿ, ನೋಟಿಸ್‌ನಲ್ಲಿ 3 ಲಕ್ಷ ಅಂತ ಕೇಳಿಬಿಡಬಹುದಿತ್ತಲ್ಲ ಅಂದ್ರೆ, ಅದೂ ಆಗಲ್ಲ. ನೋಟಿಸ್‌ನಲ್ಲಿ ಕೇಳೋ ಮೊತ್ತ ಚೆಕ್‌ನ ಮೊತ್ತಕ್ಕೆ ಸರಿಯಾಗಿ ಹೊಂದಬೇಕು, ಟೈಪಿಂಗ್ ತಪ್ಪು ಅನ್ನೋ ನೆಪ ಕೂಡ ನಡೆಯಲ್ಲ ಅಂತ 2025ರ ಇನ್ನೊಂದು ತೀರ್ಪು ಹೇಳುತ್ತೆ. ಅಂದ್ರೆ ನೋಟಿಸ್ ಹಂತದಲ್ಲಿ ಇದನ್ನ ರಿಪೇರಿ ಮಾಡೋಕೆ ಆಗಲ್ಲ. ಚೆಕ್ ಬ್ಯಾಂಕಿಗೆ ಹಾಕೋ ಮುಂಚೆಯೇ ಮಾಡಬೇಕಿತ್ತು. ಪ್ರಾಕ್ಟಿಕಲ್ ದಾರಿ ಅಂದ್ರೆ ಹಳೇ ಚೆಕ್ ವಾಪಸ್ ಕೊಟ್ಟು, ಉಳಿದ ಬಾಕಿಗೆ ಹೊಸ ಚೆಕ್ ತಗೊಳ್ಳೋದು.

ಹಾಗಾದ್ರೆ ಅಂಗಡಿಯವರು ಸೋತರಾ? ಇಲ್ಲ, ಇನ್ನೊಂದು ಕಥೆ ಇರಬಹುದು. ಅವರದ್ದು ಹಾರ್ಡ್‌ವೇರ್ ಅಂಗಡಿ, ಇವರು ಕಾಂಟ್ರಾಕ್ಟರ್. ಸಾಲದ ಜೊತೆಗೆ ಕಬ್ಬಿಣ, ಸಿಮೆಂಟ್, ಪೈಪ್ ಉದ್ರಿ ವ್ಯಾಪಾರವೂ ಇದ್ದಿರಬಹುದು. ಯುಪಿಐನ 1 ಲಕ್ಷ ಆ ಉದ್ರಿ ಬಿಲ್‌ಗೆ ಬಂದಿದ್ದು ಅಂತ ಅವರು ಹೇಳಬಹುದು. ದುಡ್ಡು ಬಂದಿದೆ ಅಂತ ಕಾಂಟ್ರಾಕ್ಟರ್ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿದ ಮೇಲೆ, ಅದು ಯಾವುದಕ್ಕೆ ಬಂತು ಅಂತ ವಿವರಿಸೋ ಹೊಣೆ ಅಂಗಡಿಯವರ ಹೆಗಲಿಗೆ ಬರುತ್ತೆ. ಬರೀ ಬಾಯಿ ಮಾತು ಸಾಲದು.

ಇಲ್ಲಿ ಅಕೌಂಟ್ಸ್ ಕೆಲಸಕ್ಕೆ ಬರುತ್ತೆ. ಮೊದಲು, ಯುಪಿಐ ಯಾವ ಖಾತೆಗೆ ಬಂತು ನೋಡಿ. ಸಾಲದ 2.5 ಲಕ್ಷ ಮಾಲೀಕರ ಸ್ವಂತ ಉಳಿತಾಯ ಖಾತೆಯಿಂದ ಹೋಗಿ, ಯುಪಿಐ ಮಾತ್ರ ಅಂಗಡಿ ಕ್ಯೂಆರ್ ಮೂಲಕ ಕರೆಂಟ್ ಅಕೌಂಟಿಗೆ ಬಂದಿದ್ದರೆ, ಅದು ಬಿಲ್‌ನ ದುಡ್ಡು ಅನ್ನೋ ಕಡೆಗೆ ತೂಗುತ್ತೆ. ಸಾಲ ಹೋದ ಅದೇ ಖಾತೆಗೆ ವಾಪಸ್ ಬಂದಿದ್ದರೆ ಸಾಲದ ಕಡೆಗೆ. ಆಮೇಲೆ ಲೆಡ್ಜರ್. ಕಾಂಟ್ರಾಕ್ಟರ್ ಹೆಸರಲ್ಲಿ ಉದ್ರಿ ಖಾತೆ ಇದೆಯಾ, ಫೆಬ್ರವರಿ 20ಕ್ಕಿಂತ ಮುಂಚೆ ಅದರಲ್ಲಿ 1 ಲಕ್ಷದಷ್ಟು ಬಾಕಿ ಇತ್ತಾ, ಆ ಎರಡು 50 ಸಾವಿರ ಅಲ್ಲೇ ಜಮಾ ಆಗಿದೆಯಾ? ಬಿಲ್‌ಗಳು ಕಾಂಟ್ರಾಕ್ಟರ್‌ನ ಜಿಎಸ್‌ಟಿ ನಂಬರ್ ಮೇಲೆ ಆಗಿದ್ದರೆ ಅಂಗಡಿಯವರು ಸಲ್ಲಿಸಿದ ಜಿಎಸ್‌ಟಿಆರ್-1 ರಿಟರ್ನ್‌ನಲ್ಲೂ ಕಾಣಬೇಕು. ಕೇಸ್ ಬಂದಮೇಲೆ ಬರೆದ ಲೆಡ್ಜರ್ ಇಂಥ ಕಡೆ ಸಿಕ್ಕಿಬೀಳುತ್ತೆ, ಯಾಕಂದ್ರೆ ರಿಟರ್ನ್ ಸಲ್ಲಿಸಿದ ತಾರೀಖನ್ನ ಹಿಂದಕ್ಕೆ ಹಾಕೋಕೆ ಆಗಲ್ಲ.

ಕಾಂಟ್ರಾಕ್ಟರ್ ಕಡೆಯಿಂದ ಏನು ಬೇಕು? ಬ್ಯಾಂಕಿನಿಂದ ದೃಢೀಕರಿಸಿದ ಸ್ಟೇಟ್‌ಮೆಂಟ್, ಅದರಲ್ಲಿ ಎರಡೂ ಪೇಮೆಂಟ್‌ಗಳ ರೆಫರೆನ್ಸ್ ನಂಬರ್. ಕಳಿಸುವಾಗ ನೋಟ್‌ನಲ್ಲಿ 'ಸಾಲದ ಬಾಬ್ತು' ಅಂತ ಬರೆದಿದ್ದರೆ ತುಂಬಾ ಒಳ್ಳೇದು. 'ಅಣ್ಣಾ, 50 ಹಾಕಿದೀನಿ, ಉಳಿದಿದ್ದು ಮುಂದಿನ ತಿಂಗಳು' ಅನ್ನೋ ಥರದ ವಾಟ್ಸಾಪ್ ಮೆಸೇಜ್ ಇದ್ದರೆ ಅದೂ ಕೆಲಸಕ್ಕೆ ಬರುತ್ತೆ. ಆದರೆ ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ತಗೊಂಡು ಹೋದ್ರೆ ಆಗಲ್ಲ. ಫೋನಿನಲ್ಲಿರೋ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಜೊತೆಗೆ ಬೇಕು. ಹಳೇ ಕಾನೂನಿನಲ್ಲಿ ಇದನ್ನೇ 65ಬಿ ಅಂತಿದ್ದರು. ಮೆಸೇಜ್ ಡಿಲೀಟ್ ಮಾಡಬೇಡಿ, ಫೋನ್ ಬದಲಾಯಿಸೋ ಮುಂಚೆ ಯೋಚನೆ ಮಾಡಿ.

ಈಗ ದೂರಿನ ಆ ಒಂದು ಸಾಲನ್ನ ನೆನಪಿಸಿಕೊಳ್ಳಿ. ಉತ್ತರದಲ್ಲಿ 1 ಲಕ್ಷದ ಮಾತು ಏಪ್ರಿಲ್ 22ಕ್ಕೇ ಬಂದಿತ್ತು. ದೂರು ಬರೆದಿದ್ದು ಮೇ 20ಕ್ಕೆ. ಅಷ್ಟು ದಿನ ಇದ್ದರೂ ಆ ದುಡ್ಡು ಬಂದಿದೆ ಅಂತಾನೂ ಇಲ್ಲ, ಬಿಲ್‌ಗೆ ಬಂದಿದ್ದು ಅಂತಾನೂ ಇಲ್ಲ. ಪಾಟಿ ಸವಾಲಿನಲ್ಲಿ ಮೊದಲ ಪ್ರಶ್ನೆ ಬರೋದೇ ಈ ಮೌನದ ಬಗ್ಗೆ. ಬಿಲ್ ಕಥೆ ನಿಜವಾಗಿದ್ದರೂ, ದೂರಿನಲ್ಲೇ ಹೇಳದೇ ಆಮೇಲೆ ಹೇಳಿದ್ರೆ 'ಈಗ ಹೊಳೆಯಿತಾ' ಅನ್ನೋ ಅನುಮಾನ ಹುಟ್ಟುತ್ತೆ.

ಒಂದು ಪುಟದ ಸಾರಾಂಶ

ಎಲ್ಲವನ್ನೂ ಇಳಿಸಿದ್ರೆ ನನ್ನ ನೋಟ್ ಹೀಗಿರುತ್ತೆ. ಬೇಕಾದ್ರೆ ಸ್ಕ್ರೀನ್‌ಶಾಟ್ ತಗೊಳ್ಳಿ.

- ತಾರೀಖು: ಚೆಕ್ 3-2-2025. ವಾಪಸ್ 25-3. ನೋಟಿಸ್ 8-4 (ಗಡುವು 24-4). ಸಿಕ್ಕಿದ್ದು 11-4. 15 ದಿನ ಮುಗಿದಿದ್ದು 26-4. ದೂರು 20-5 (ಗಡುವು 27-5). ನಾಲ್ಕೂ ಗಡುವಿನೊಳಗೇ ಇವೆ.
- ಒಪ್ಪಿದ್ದು: ಸಹಿ, 2.5 ಲಕ್ಷ ಸಾಲ, ನೋಟಿಸ್ ಸಿಕ್ಕಿದ್ದು.
- ಖಾಲಿ ಚೆಕ್: ಇದೊಂದನ್ನೇ ನಂಬಿಕೊಂಡ್ರೆ ಕಾಂಟ್ರಾಕ್ಟರ್‌ಗೆ ಉಪಯೋಗ ಕಡಿಮೆ.
- ನಗದು 1.5 ಲಕ್ಷ: ಶಕ್ತಿ ಇರಲಿಲ್ಲ ಅಂತ ಉತ್ತರದಲ್ಲೇ ಹೇಳಿದೆ. ಅಂಗಡಿಯವರು ಕ್ಯಾಶ್ ಬುಕ್, ಬ್ಯಾಂಕ್ ಡ್ರಾ, ರಿಟರ್ನ್ ತೋರಿಸಬೇಕು.
- ಯುಪಿಐ 1 ಲಕ್ಷ: ಬಂದಿದ್ದನ್ನ ಕಾಂಟ್ರಾಕ್ಟರ್ ತೋರಿಸಬೇಕು. ಸಾಲಕ್ಕಲ್ಲ, ಬಿಲ್‌ಗೆ ಬಂತು ಅಂತ ಅಂಗಡಿಯವರು ತೋರಿಸಬೇಕು. ಕೇಸ್ ನಿಲ್ಲೋದು, ಬೀಳೋದು ಇಲ್ಲಿ.

ಪಣಕ್ಕಿರೋದು ಸಣ್ಣದೇನಲ್ಲ. ಅಪರಾಧ ಸಾಬೀತಾದ್ರೆ ಕಾಂಟ್ರಾಕ್ಟರ್‌ಗೆ 2 ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ, ಅಂದ್ರೆ 8 ಲಕ್ಷದವರೆಗೆ ದಂಡ, ಅಥವಾ ಎರಡೂ. ಕೇಸ್ ನಡೀತಿರುವಾಗಲೇ ಚೆಕ್ ಮೊತ್ತದ ಶೇ 20ರವರೆಗೆ, ಇಲ್ಲಿ 80 ಸಾವಿರದವರೆಗೆ, ಮಧ್ಯಂತರ ಪರಿಹಾರ ಕೊಡಿ ಅಂತ ಕೋರ್ಟ್ ಹೇಳಬಹುದು. ಹೇಳಲೇಬೇಕು ಅಂತಿಲ್ಲ, ಅದು ಕೋರ್ಟಿನ ವಿವೇಚನೆ. ಆರೋಪಿ ಬಿಡುಗಡೆ ಆದ್ರೆ ಆ ದುಡ್ಡನ್ನ ಬಡ್ಡಿ ಸಮೇತ ವಾಪಸ್ ಕೊಡಬೇಕು.

ಇನ್ನೊಂದು ಕಡೆ, ಯುಪಿಐ ಕಾರಣಕ್ಕೆ ಕೇಸ್ ಬಿದ್ದರೂ ಕಾಂಟ್ರಾಕ್ಟರ್ ಸಾಲಮುಕ್ತ ಆಗಲ್ಲ. 2.5 ಲಕ್ಷ ತಗೊಂಡೆ, 1 ಲಕ್ಷ ಕೊಟ್ಟೆ ಅಂತ ಅವರ ಉತ್ತರವೇ ಹೇಳ್ತಿದೆ. ಅಂದ್ರೆ 1.5 ಲಕ್ಷ ಬಾಕಿ ಇದೆ ಅಂತ ಅವರೇ ಬರೆದುಕೊಟ್ಟ ಹಾಗಾಯ್ತು. ಅದಕ್ಕೆ ಅಂಗಡಿಯವರು ಬೇರೆಯಾಗಿ ಸಿವಿಲ್ ದಾವೆ ಹಾಕಬಹುದು. ಅಂಥ ದಾವೆಗೆ ಸಾಮಾನ್ಯವಾಗಿ 3 ವರ್ಷದ ಕಾಲಮಿತಿ, ಹಾಗಾಗಿ ಚೆಕ್ ಕೇಸ್ ಮುಗೀಲಿ ಆಮೇಲೆ ನೋಡೋಣ ಅಂತ ಕೂರೋ ಹಾಗಿಲ್ಲ. ಇಬ್ಬರೂ ಕೂತು ಮಾತಾಡಿ ರಾಜಿ ಆಗೋಕೂ ಕಾಯ್ದೆಯ ಸೆಕ್ಷನ್ 147 ಅವಕಾಶ ಕೊಟ್ಟಿದೆ, ಯಾವ ಹಂತದಲ್ಲಾದ್ರೂ ಸರಿ. ಈ ಫೈಲ್ ನೋಡಿದ್ರೆ ರಾಜಿಯ ಮಾತು ಎಲ್ಲಿಂದ ಶುರುವಾಗಬೇಕು ಅನ್ನೋದೂ ಗೊತ್ತಾಗುತ್ತೆ: ಒಬ್ಬರ ಲೆಕ್ಕ ಪೂರ್ತಿ 4 ಲಕ್ಷ, ಇನ್ನೊಬ್ಬರ ಲೆಕ್ಕ 1.5 ಲಕ್ಷ. ನಡುವಿನ 2.5 ಲಕ್ಷವೇ ಅಸಲಿ ಜಗಳ.

ನಿಮ್ಮ ಕೈಗೇ ಇಂಥ ನೋಟಿಸ್ ಬಂದಿದ್ದರೆ ಈ ಎಪಿಸೋಡ್ ಕೇಳಿ ಸುಮ್ಮನಾಗಬೇಡಿ. ಸಿಕ್ಕಿದ ತಾರೀಖನ್ನ ಕವರ್ ಮೇಲೇ ಬರೆದಿಟ್ಟು, ಬ್ಯಾಂಕ್ ಸ್ಟೇಟ್‌ಮೆಂಟ್ ಸಮೇತ ವಕೀಲರ ಹತ್ರ ಹೋಗಿ. 15 ದಿನ ಬೇಗ ಕಳೆದುಹೋಗುತ್ತೆ. ಮತ್ತೆ ಸಿಗೋಣ.